ಲಿಂಕ್ಡ್‌ಇನ್‌ನಲ್ಲಿ ದಿನಕ್ಕೆ ಎರಡು ಕಾಮೆಂಟ್, ಹದಿನೈದು ದಿನಕ್ಕೊಂದು ಪೋಸ್ಟ್: ನನ್ನ ಅನುಭವ

ಮೀಟಿಂಗ್‌ನಲ್ಲಿ ಹೇಳಬೇಕಾದ ಮಾತು ಬಾಯಿವರೆಗೆ ಬರುತ್ತದೆ, ಅಲ್ಲೇ ನಿಲ್ಲುತ್ತದೆ. ಸಂಜೆ ಪಾತ್ರೆ ತೊಳೆಯುವಾಗ ಅದೇ ಮಾತು ಎಷ್ಟು ಚೆನ್ನಾಗಿ ಬರುತ್ತದೆ ಅಂದರೆ, ಸಿಂಕ್ ಮುಂದೆ ಒಬ್ಬಳೇ ತಲೆಯಾಡಿಸಿಕೊಂಡು ನಿಂತಿರುತ್ತೇನೆ. ನಾನು ಅಂಥವಳು. ಒಂಬತ್ತು ವರ್ಷದಿಂದ ಪೀಣ್ಯದಲ್ಲಿ ಲೋಹದ ಬಿಡಿಭಾಗ ಮಾಡುವ ಒಂದು ಮಷೀನ್ ಶಾಪ್‌ನಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಸಿಎನ್‌ಸಿ, ಅಂದರೆ ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕತ್ತರಿಸುವ ಮಷೀನಿನಿಂದ ಇಳಿದ ಬಿಡಿಭಾಗಗಳಿಗೆ ನಮ್ಮಲ್ಲಿ ಜಾಬ್ ಅನ್ನುತ್ತೇವೆ. ಅವನ್ನು ಸಿಎಂಎಂ ಅನ್ನುವ ಅಳತೆ ಮಷೀನಿನ ಮೇಲಿಟ್ಟು ಅಳೆಯುವುದು ನನ್ನ ಕೆಲಸ. ಎಸಿ ರೂಮು, ಗ್ರಾನೈಟ್ ಕಲ್ಲು, ಜಾಬನ್ನು ಮುಟ್ಟಿ ಮುಟ್ಟಿ ಅಳೆಯುವ ಒಂದು ಪ್ರೋಬು. ಮಾತಾಡುವ ಅಗತ್ಯವೇ ಇಲ್ಲದ ಕೆಲಸ, ಅದಕ್ಕೇ ಇಷ್ಟ.

ಕೆಲಸ ಬದಲಾಯಿಸಬೇಕು ಅನ್ನಿಸಿದಾಗ ತೊಂದರೆ ಶುರುವಾಯಿತು. ನಾಲ್ಕೈದು ಕಡೆ ಅರ್ಜಿ ಹಾಕಿದೆ, ಒಂದು ಕಡೆಯಿಂದಲೂ ಫೋನಿಲ್ಲ. ನನ್ನ ಅಕ್ಕ ಬೇರೊಂದು ಕಂಪನಿಯಲ್ಲಿ ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವ ವಿಭಾಗದವಳು. ನನ್ನ ಲಿಂಕ್ಡ್‌ಇನ್ ಪ್ರೊಫೈಲ್ ತೆಗೆದು ನೋಡಿ, "ಏನೇ ಇದು, ಮನೆಗೆ ಬೀಗ ಹಾಕ್ಕೊಂಡು ಊರಿಗೆ ಹೋದೋರ ಥರ ಇದೆಯಲ್ಲೇ" ಅಂದಳು. ತೊಂಬತ್ತು ದಿನದಲ್ಲಿ ನನ್ನ ಪ್ರೊಫೈಲ್ ನೋಡಿದವರು 14 ಜನ. ಅದರಲ್ಲಿ ಇಬ್ಬರು ಅಕ್ಕನ ಆಫೀಸಿನವರೇ.

"ದಿನಾ ಏನಾದ್ರೂ ಪೋಸ್ಟ್ ಹಾಕು" ಅಂದಳು. ಆ ಮಾತಿಗೇ ಹೊಟ್ಟೆ ತೊಳಸಿತು. "ಈ ದಿನ ನನಗೆ ಹೆಮ್ಮೆಯ ದಿನ" ಅಂತ ಶುರುವಾಗುವ ಪೋಸ್ಟ್‌ಗಳನ್ನು ಓದುವಾಗಲೇ ನನಗೆ ಮುಜುಗರ. ಬರೆಯುವುದು ದೂರದ ಮಾತು. ಆದರೆ ಯಾರಾದರೂ ಟೇಬಲ್ ಹತ್ತಿರ ಬಂದು, "ಮೇಡಂ, ಈ ಬೋರಿನ ತೂತು ಯಾಕೆ ದೊಡ್ಡದು ತೋರಿಸ್ತಿದೆ?" ಅಂತ ಕೇಳಿದರೆ ಹತ್ತು ನಿಮಿಷ ನಿಂತು ಹೇಳುತ್ತೇನೆ. ಕೇಳಿದ ಮಾತಿಗೆ ಉತ್ತರ ಕೊಡಲು ನನಗೆ ನಾಚಿಕೆ ಇಲ್ಲ, ಕೇಳದೇ ಮಾತಾಡಲು ಮಾತ್ರ ಆಗುವುದಿಲ್ಲ. ಇದು ಹೊಳೆದ ಮೇಲೆ ಪೋಸ್ಟನ್ನು ಪಕ್ಕಕ್ಕಿಟ್ಟು ಕಾಮೆಂಟಿನಿಂದ ಶುರು ಮಾಡಿದೆ. ಮುಂದಿನದೆಲ್ಲ ಆರೇಳು ತಿಂಗಳು ಎಡವಿ ಎಡವಿ ಕಲಿತದ್ದು.

ಮೊದಲು ಎರಡು ಸೆಟ್ಟಿಂಗ್ ಸರಿಮಾಡಬೇಕಾಯಿತು. ನನ್ನಂಥವರೆಲ್ಲ ಮಾಡುವ ಹಾಗೆ ನಾನೂ ಪ್ರೈವೇಟ್ ಮೋಡ್‌ನಲ್ಲಿದ್ದೆ. ಅಂದರೆ ಬೇರೆಯವರ ಪ್ರೊಫೈಲ್ ನೋಡಿದರೆ ಅವರಿಗೆ ನನ್ನ ಹೆಸರು ಕಾಣುವುದಿಲ್ಲ. ಆರಾಮು ಅಲ್ವಾ? ಆದರೆ ದುಡ್ಡು ಕಟ್ಟದ ಖಾತೆಯಲ್ಲಿ ಈ ಮೋಡ್ ಹಾಕಿಕೊಂಡರೆ ನಮ್ಮ ಪ್ರೊಫೈಲನ್ನು ಯಾರು ನೋಡಿದರು ಅನ್ನುವುದು ನಮಗೂ ಕಾಣುವುದಿಲ್ಲ. ಅಲ್ಲಿಯವರೆಗಿನ ನೋಡಿದವರ ಪಟ್ಟಿಯೂ ಅಳಿಸಿಹೋಗುತ್ತದೆ. ಹೆಸರಿನ ಬದಲು ಹುದ್ದೆ ಮಾತ್ರ ತೋರಿಸುವ ನಡುವಿನ ಆಯ್ಕೆಗೂ ಇದೇ ಗತಿ. ಆ 14 ಅನ್ನುವ ಸಂಖ್ಯೆ ನನಗೆ ಕಂಡದ್ದು ಅಕ್ಕ ಅದಕ್ಕೂ ಮೂರು ತಿಂಗಳ ಮೊದಲೇ ಬೈದು ಹೆಸರು ಕಾಣುವ ಹಾಗೆ ಮಾಡಿಸಿದ್ದರಿಂದ. ಇನ್ನೊಂದು ಲಾಭವೂ ಇದೆ. ಒಬ್ಬರ ಪ್ರೊಫೈಲ್ ನಾವು ನೋಡಿದರೆ ಅವರಿಗೆ ಅದು ಗೊತ್ತಾಗುತ್ತದೆ, ಎಷ್ಟೋ ಜನ ತಿರುಗಿ ಬಂದು ನೋಡುತ್ತಾರೆ. ಮಾತಿಲ್ಲದೆ ನಮಸ್ಕಾರ ಮಾಡಿದ ಹಾಗೆ. ನಾಚಿಕೆ ಸ್ವಭಾವದವರಿಗೆ ಇದಕ್ಕಿಂತ ಸುಲಭದ ನಮಸ್ಕಾರ ಬೇರೆ ಇಲ್ಲ.

ಎರಡನೆಯದು ಹೆಸರಿನ ಕೆಳಗಿನ ಸಾಲು, ಹೆಡ್‌ಲೈನ್. ಅದರಲ್ಲಿ 220 ಅಕ್ಷರದವರೆಗೆ ಬರೆಯಬಹುದು. ಆದರೆ ನಾವು ಕಾಮೆಂಟ್ ಹಾಕಿದಾಗ ಮೊಬೈಲ್‌ನಲ್ಲಿ ಕಾಣುವುದು ಶುರುವಿನ ನಾಲ್ಕೈದು ಪದ ಮಾತ್ರ, ಉಳಿದದ್ದು ಚುಕ್ಕಿ ಚುಕ್ಕಿ. ನನ್ನದು "ಸೀನಿಯರ್ ಎಂಜಿನಿಯರ್, ಕ್ವಾಲಿಟಿ ಅಶ್ಯೂರೆನ್ಸ್ ಡಿಪಾರ್ಟ್‌ಮೆಂಟ್" ಅಂತಿತ್ತು. ಕಾಮೆಂಟಿನಲ್ಲಿ ಕಾಣುತ್ತಿದ್ದದ್ದು "ಸೀನಿಯರ್ ಎಂಜಿನಿಯರ್, ಕ್ವಾ...". ಬೆಂಗಳೂರಿನಲ್ಲಿ ಕಲ್ಲೆಸೆದರೆ ಒಬ್ಬ ಸೀನಿಯರ್ ಎಂಜಿನಿಯರ್‌ಗೆ ತಾಗುತ್ತದೆ. ಅದನ್ನು "ಸಿಎಂಎಂ ಅಳತೆ, ಅಲ್ಯೂಮಿನಿಯಂ ಜಾಬ್" ಅಂತ ಶುರುವಾಗುವ ಹಾಗೆ ಇಂಗ್ಲಿಷಿನಲ್ಲಿ ಬದಲಾಯಿಸಿದೆ. ಕಾಮೆಂಟ್ ಓದಿದವರಿಗೆ ಇದನ್ನು ಹೇಳಿದವರು ಯಾರು ಅನ್ನಿಸುವ ಹೊತ್ತಿಗೆ ಉತ್ತರ ಪಕ್ಕದಲ್ಲೇ ಇರುತ್ತದೆ. ಇದರಿಂದ ಒಂದು ದೊಡ್ಡ ಸಂಕೋಚ ತಪ್ಪಿತು. ಕಾಮೆಂಟಿನೊಳಗೆ "ನಾನು ಒಂಬತ್ತು ವರ್ಷದಿಂದ ಈ ಕ್ಷೇತ್ರದಲ್ಲಿ" ಅಂತೆಲ್ಲ ಬರೆದುಕೊಳ್ಳುವ ಅಗತ್ಯವೇ ಉಳಿಯಲಿಲ್ಲ.

ಮೊದಲ ಎರಡು ವಾರ ನಾನು ಮಾಡಿದ್ದೆಲ್ಲ ದಂಡ. ಲಕ್ಷಗಟ್ಟಲೆ ಫಾಲೋವರ್ಸ್ ಇರುವವರ ಪೋಸ್ಟ್‌ಗಳಿಗೆ ಹೋಗಿ "ತುಂಬಾ ಉಪಯುಕ್ತ ಮಾಹಿತಿ ಸರ್, ಧನ್ಯವಾದ" ಅಂತ ಹಾಕುತ್ತಿದ್ದೆ. ಅಲ್ಲಿ ಆಗಲೇ ನಾನೂರು ಕಾಮೆಂಟ್ ಇರುತ್ತಿದ್ದವು. ಜಾತ್ರೆಯಲ್ಲಿ ಪಿಸುಗುಟ್ಟಿದ ಹಾಗೆ. ಮೊದಲ ವಾರ ನೋಡಿದವರು ಒಬ್ಬರು, ಎರಡನೇ ವಾರ ಇಬ್ಬರು.

ಮೂರನೇ ವಾರ ಒಂದು ಭಾನುವಾರ ಕೂತು ಹದಿನೈದು ಜನರ ಪಟ್ಟಿ ಮಾಡಿದೆ. ದೊಡ್ಡ ಹೆಸರುಗಳನ್ನು ಬಿಟ್ಟೆ. ನನ್ನಂತೆಯೇ ಅಳತೆ ಕೆಲಸ ಮಾಡುವವರು ಆರು ಜನ. ನಮ್ಮಂಥ ಶಾಪ್‌ಗಳಿಂದ ಜಾಬ್ ತೆಗೆದುಕೊಳ್ಳುವ ಕಂಪನಿಗಳಲ್ಲಿ ಬಂದ ಜಾಬ್ ಸರಿ ಇದೆಯಾ ಅಂತ ನೋಡುವ ಸಪ್ಲೈಯರ್ ಕ್ವಾಲಿಟಿಯವರು ಐದು ಜನ, ಹೆಚ್ಚಿನವರು ಪುಣೆ, ಕೊಯಮತ್ತೂರು, ಹೊಸೂರಿನವರು. ಉಳಿದ ನಾಲ್ವರು ಟೂಲ್ ಮತ್ತು ಅಳತೆ ಉಪಕರಣ ಮಾರುವ ಕಡೆಯ ಎಂಜಿನಿಯರ್‌ಗಳು. ಆಯ್ಕೆಗೆ ನನ್ನ ಅಳತೆಗೋಲು ಎರಡೇ. ಅವರು ತಿಂಗಳಿಗೆ ಎರಡು ಬಾರಿಯಾದರೂ ಬರೆಯಬೇಕು, ಮತ್ತು ಅವರ ಪೋಸ್ಟಿಗೆ ಸಾಮಾನ್ಯವಾಗಿ ಮೂವತ್ತಕ್ಕಿಂತ ಕಡಿಮೆ ಕಾಮೆಂಟ್ ಬರಬೇಕು. ಅಷ್ಟಾದರೆ ಬರೆದವರು ನನ್ನ ಸಾಲನ್ನು ನಿಜವಾಗಿ ಓದುತ್ತಾರೆ, ಅವರ ಓದುಗರೂ ಓದುತ್ತಾರೆ. ಆ ಓದುಗರು ನನ್ನ ಕೆಲಸದವರೇ. ಸಪ್ಲೈಯರ್ ಕ್ವಾಲಿಟಿಯವರನ್ನು ಸೇರಿಸಿದ್ದು ಬೇಕೆಂದೇ. ನನ್ನಂಥವರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಅವರು, ಅಥವಾ ಅವರ ಪಕ್ಕದ ಟೇಬಲ್‌ನವರು.

ಈ ಹದಿನೈದರಲ್ಲಿ ಎಂಟು ಜನರ ಪ್ರೊಫೈಲಿನಲ್ಲಿ ಬೆಲ್ ಗುರುತು ಒತ್ತಿ ಇಟ್ಟೆ. ಹಾಗೆ ಮಾಡಿದರೆ ಅವರು ಬರೆದಾಗ ಸೂಚನೆ ಬರುತ್ತದೆ, ಫೀಡ್ ತೆಗೆದು ಕೆಳಗೆ ಕೆಳಗೆ ಎಳೆಯುವ ಕೆಲಸ ತಪ್ಪುತ್ತದೆ. ನನಗೆ ಇದು ತುಂಬಾ ಮುಖ್ಯ. ಫೀಡ್ ತೆಗೆದರೆ ಐದು ನಿಮಿಷದಲ್ಲಿ ಬೇರೆಯವರ ಪ್ರಮೋಷನ್, ಸರ್ಟಿಫಿಕೇಟ್, ಹೂಗುಚ್ಛದ ಫೋಟೋ ನೋಡಿ ನನ್ನ ಬಾಯಿ ಮತ್ತೆ ಕಟ್ಟಿಹೋಗುತ್ತದೆ.

ಸಮಯ ಹೇಗೆ ಅಂದರೆ, ಬನಶಂಕರಿಯಲ್ಲಿ ಮೆಟ್ರೊ ಹತ್ತುತ್ತೇನೆ. ಮೆಜೆಸ್ಟಿಕ್‌ನಲ್ಲಿ ಅರ್ಧ ಬೋಗಿ ಇಳಿಯುತ್ತದೆ, ಸೀಟು ಸಿಗುತ್ತದೆ. ಅಲ್ಲಿಂದ ಪೀಣ್ಯ ಇಂಡಸ್ಟ್ರಿವರೆಗೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ಎರಡು ಕಾಮೆಂಟ್. ಸೋಮವಾರದಿಂದ ಗುರುವಾರ. ಶುಕ್ರವಾರ ಇಲ್ಲ, ಅವತ್ತು ಡಿಸ್ಪ್ಯಾಚ್ ಗಲಾಟೆಯ ಯೋಚನೆಯಲ್ಲೇ ಇರುತ್ತೇನೆ. ಪಟ್ಟಿಯವರು ಯಾರೂ ಏನೂ ಬರೆಯದಿದ್ದರೆ ಅವತ್ತು ಕಾಮೆಂಟೂ ಇಲ್ಲ. ಲೆಕ್ಕ ತುಂಬಿಸಲು ಹಾಕಿದ ಕಾಮೆಂಟು ಎಷ್ಟು ಬೇಗ ಗೊತ್ತಾಗುತ್ತದೆ ಅಂದರೆ, ನನಗೇ ಮಾರನೆಯ ದಿನ ಓದಲು ಆಗುವುದಿಲ್ಲ. ಮೊದಲ ಒಂದು ತಿಂಗಳು ನೋಟ್ಸ್ ಆ್ಯಪ್‌ನಲ್ಲಿ ಬರೆದು, ಗೊರಗುಂಟೆಪಾಳ್ಯ ಬಂದ ಮೇಲೆ ಕಾಪಿ ಮಾಡಿ ಹಾಕುತ್ತಿದ್ದೆ. ಅದು ನನ್ನ ಗಡಿ. ಅಷ್ಟರೊಳಗೆ ಒತ್ತದಿದ್ದರೆ ಒತ್ತುವುದೇ ಇಲ್ಲ ಅಂತ ಗೊತ್ತಿತ್ತು.

ಒಂದು ಕಾಮೆಂಟು ಹೇಗೆ ಆಯಿತು ಅನ್ನುವುದನ್ನು ಪೂರ್ತಿ ಹೇಳುತ್ತೇನೆ. ಲಿಂಕ್ಡ್‌ಇನ್‌ನಲ್ಲಿ ಬರೆದದ್ದು ಇಂಗ್ಲಿಷಿನಲ್ಲಿ, ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

ಪಟ್ಟಿಯಲ್ಲಿದ್ದ ಒಬ್ಬ ಸಪ್ಲೈಯರ್ ಕ್ವಾಲಿಟಿಯವರು ಏಪ್ರಿಲ್‌ನಲ್ಲಿ ಬರೆದಿದ್ದರು. ಒಂದು ಅಲ್ಯೂಮಿನಿಯಂ ಹೌಸಿಂಗ್‌ನ ಎರಡು ಬೋರ್, ಅಂದರೆ ಕೊರೆದ ತೂತುಗಳ ನಡುವಿನ ದೂರ ಸಪ್ಲೈಯರ್ ಹತ್ತಿರ ಒಂದು ಅಳತೆ, ತಮ್ಮ ಹತ್ತಿರ ಇನ್ನೊಂದು ಅಳತೆ. ಇಬ್ಬರ ಸಿಎಂಎಂ ಕೂಡ ಕ್ಯಾಲಿಬ್ರೇಷನ್ ಆದದ್ದೇ. ಯಾರದ್ದು ಸರಿ ಅಂತ ಜಗಳ.

ನಾನು ಮೊದಲು ಬರೆದದ್ದು ಹೀಗೆ: "ಒಳ್ಳೆಯ ವಿಷಯ ಎತ್ತಿದ್ದೀರಿ. ಅಳತೆಯಲ್ಲಿ ತಾಪಮಾನ ಬಹಳ ಮುಖ್ಯ. ನಾವು ನಮ್ಮ ಕಂಪನಿಯಲ್ಲಿ ಇದಕ್ಕೆ ಯಾವಾಗಲೂ ಮಹತ್ವ ಕೊಡುತ್ತೇವೆ." ಓದಿ ನೋಡಿದೆ. ಮೊದಲ ವಾಕ್ಯ ಸುಮ್ನೆ. ಎರಡನೆಯದು ಎಲ್ಲರಿಗೂ ಗೊತ್ತಿರುವುದು. ಮೂರನೆಯದು ಜಂಬ. ನನ್ನ ಟೇಬಲ್ ಹತ್ತಿರ ಯಾರಾದರೂ ಬಂದು ಇದೇ ಪ್ರಶ್ನೆ ಕೇಳಿದರೆ ಹೀಗೆ ಹೇಳುತ್ತಿದ್ದೆನಾ? ಇಲ್ಲವೇ ಇಲ್ಲ. "ಜಾಬ್ ಎಷ್ಟು ಹೊತ್ತು ಇಟ್ಟಿದ್ರಿ?" ಅಂತ ಕೇಳುತ್ತಿದ್ದೆ.

ಅದನ್ನೇ ಬರೆದೆ: "ಜಾಬ್ ರೂಮಿಗೆ ಬಂದ ಎಷ್ಟು ಹೊತ್ತಿಗೆ ಅಳೆದರು ಅನ್ನುವುದು ಎರಡೂ ಕಡೆ ಬರೆದಿಟ್ಟಿದ್ದಾರಾ? ಅಲ್ಯೂಮಿನಿಯಂ ಒಂದು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ನಮ್ಮಲ್ಲಿ ಬೋರ್ ನಡುವೆ 200 ಮಿಲಿಮೀಟರ್ ದೂರವಿರುವ ಹೌಸಿಂಗ್ 32 ಡಿಗ್ರಿ ಶಾಪಿನಿಂದ 20 ಡಿಗ್ರಿ ರೂಮಿಗೆ ಬಂದ ತಕ್ಷಣ ಅಳೆದಾಗ 55 ಮೈಕ್ರಾನ್ ಜಾಸ್ತಿ ತೋರಿಸಿತ್ತು. ಮಷೀನಿನದು ತಪ್ಪಿರಲಿಲ್ಲ, ಜಾಬ್ ಬಿಸಿ ಇತ್ತು."

ಅಷ್ಟೇ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಲೆಕ್ಕ ಯಾರು ಬೇಕಾದರೂ ಮಾಡಿ ನೋಡಬಹುದು: ಇಪ್ಪತ್ಮೂರು ಗುಣಿಸು 0.2 ಮೀಟರ್ ಗುಣಿಸು ಹನ್ನೆರಡು ಡಿಗ್ರಿ. ಎಂಜಿನಿಯರಿಂಗ್‌ನಲ್ಲಿ ಉದ್ದದ ಅಳತೆಗಳೆಲ್ಲ 20 ಡಿಗ್ರಿಗೆ ಅಂತ ಲೆಕ್ಕ, ಹಾಗಾಗಿ ಬಿಸಿ ಜಾಬ್ ಯಾವಾಗಲೂ ಸುಳ್ಳು ಹೇಳುತ್ತದೆ. ಕಾಮೆಂಟಿನಲ್ಲಿ ನನ್ನ ಹೊಗಳಿಕೆ ಇಲ್ಲ. ನಮ್ಮಲ್ಲಿ ಆದ ಒಂದು ಫಜೀತಿ ಇದೆ, ಒಂದು ಸಂಖ್ಯೆ ಇದೆ, ಅವರು ಉತ್ತರ ಕೊಡಬಹುದಾದ ಒಂದು ಪ್ರಶ್ನೆ ಇದೆ. ಆ ದಿನ ಮಧ್ಯಾಹ್ನ ಅವರು ಉತ್ತರಿಸಿದರು: "ಬರೆದಿಟ್ಟಿಲ್ಲ. ಕೇಳ್ತೀನಿ." ಅದರ ಕೆಳಗೆ ಇನ್ನೊಬ್ಬರು, ನನಗೆ ಗೊತ್ತಿಲ್ಲದವರು, ಕೇಳಿದರು: "ಹಾಗಾದರೆ ಎಷ್ಟು ಹೊತ್ತು ಇಡಬೇಕು?" ಆ ವಾರ ಪ್ರೊಫೈಲ್ ನೋಡಿದವರು ಆರು. ಇದು ನಾಲ್ಕನೇ ವಾರ.

ಆಮೇಲಿನ ಕಾಮೆಂಟುಗಳನ್ನೆಲ್ಲ ಇದೇ ಅಚ್ಚಿನಲ್ಲಿ ಬರೆದೆ. ಅವರು ಹೇಳಿದ ಒಂದೇ ಒಂದು ವಿಷಯ ಹಿಡಿದುಕೊಳ್ಳುವುದು, ನನ್ನ ಟೇಬಲ್ ಮೇಲೆ ಆದದ್ದು ಒಂದು ಹೇಳುವುದು, ಆಮೇಲೆ ಬೇಕಿದ್ದರೆ ಒಂದು ಪ್ರಶ್ನೆ. ಐದು ಸಾಲು ದಾಟಿದರೆ ಅದು ಅವರ ಮನೆಯಲ್ಲಿ ನಾನು ಮಾಡುವ ಭಾಷಣ ಅಂತ ಲೆಕ್ಕ. ಬೇರೆ ಏನಾದರೂ ಹೇಳಲು ಉಳಿದರೆ ನೋಟ್ಸ್‌ಗೆ ಹೋಗುತ್ತದೆ. ಹಾಕುವ ಮೊದಲು ಒಂದು ಪರೀಕ್ಷೆ: ನನ್ನ ಹೆಸರು ತೆಗೆದುಬಿಟ್ಟರೂ ಓದಿದವರಿಗೆ ಈ ಸಾಲಿನಿಂದ ಏನಾದರೂ ಸಿಗುತ್ತದಾ? ಸಿಗುತ್ತದೆ ಅಂದರೆ ನಾಚಿಕೆ ಯಾಕೆ?

ಕಾಮೆಂಟ್ ಹಾಕಿದ ಮೇಲಿನ ಹೊತ್ತು ನನಗೆ ಎಲ್ಲಕ್ಕಿಂತ ಕಷ್ಟ. ಯಾರಾದರೂ ಏನಾದರೂ ಅಂದುಬಿಟ್ಟರೆ ಅಂತ ಹತ್ತು ಸಲ ಫೋನ್ ನೋಡುವುದು, ಎದೆ ಡವಡವ. ಅದಕ್ಕೆ ಫೋನಿನಲ್ಲಿ ಆ ಆ್ಯಪಿನ ಸೂಚನೆಗಳನ್ನು ಕೆಲಸದ ಹೊತ್ತಿನಲ್ಲಿ ಮುಚ್ಚಿಟ್ಟೆ. ಸಂಜೆ ಆರೂವರೆಗೆ, ಟೀ ಕುಡಿಯುವಾಗ ಒಂದೇ ಸಲ ತೆಗೆಯುತ್ತೇನೆ. ಹತ್ತು ನಿಮಿಷ. ಆದರೆ ಆ ಹತ್ತು ನಿಮಿಷ ಮಾತ್ರ ತಪ್ಪಿಸುವುದಿಲ್ಲ. ಶುರುವಿನಲ್ಲಿ ಒಂದು ಸಲ ತಪ್ಪಿಸಿದ್ದೆ. ಒಬ್ಬರು ನನ್ನ ಕಾಮೆಂಟಿಗೆ ಒಳ್ಳೆಯ ಪ್ರಶ್ನೆ ಕೇಳಿದ್ದರು, ನಾನು ಹೆದರಿ ನಾಲ್ಕು ದಿನ ಆ ಕಡೆ ಹೋಗಲಿಲ್ಲ. ಹೋದಾಗ ಅವರ ಪ್ರಶ್ನೆಗೆ ಬೇರೆ ಯಾರೋ ತಪ್ಪು ಉತ್ತರ ಕೊಟ್ಟಿದ್ದರು. ಪ್ರೊಫೈಲಿಗೆ ಬರುವವರಲ್ಲಿ ಬಹಳ ಜನ ಬರುವುದು ಈ ಎರಡನೇ ಸುತ್ತಿನ ಮಾತಿನಿಂದ ಅಂತ ನನ್ನ ಅನಿಸಿಕೆ. ನೋಡಿದವರ ಪಟ್ಟಿಯಲ್ಲಿ ಕಾಣುವ ಕೆಲವು ಹೆಸರುಗಳು ಹೆಚ್ಚಾಗಿ ನನ್ನ ಉತ್ತರದ ಕೆಳಗೆ ಮಾತಾಡಿದವರದ್ದೇ ಆಗಿರುತ್ತಿದ್ದವು.

ಇನ್ನು ಪೋಸ್ಟ್. ಎರಡು ತಿಂಗಳು ಒಂದನ್ನೂ ಹಾಕಲಿಲ್ಲ. ಆಮೇಲೂ ಹದಿನೈದು ದಿನಕ್ಕೊಂದು. ನನ್ನದೊಂದು ಕಟ್ಟಳೆ ಇದೆ: ಕೆಳಗೆ ಯಾರಾದರೂ ಪ್ರಶ್ನೆ ಕೇಳಿದ ಕಾಮೆಂಟು ಮಾತ್ರ ಪೋಸ್ಟ್ ಆಗಬಹುದು. ಶೂನ್ಯದಿಂದ ಪೋಸ್ಟ್ ಬರೆಯುವುದಿಲ್ಲ. ಯಾರೋ ಕೇಳಿದ್ದಾರೆ, ಅದಕ್ಕೆ ಹೇಳುತ್ತಿದ್ದೇನೆ ಅನ್ನುವ ಧೈರ್ಯ ಬೇಕು ನನಗೆ. ಇದಲ್ಲದೆ ನೋಟ್ಸ್‌ನಲ್ಲಿ ಇನ್ನೊಂದು ಪುಟ ಇಟ್ಟಿದ್ದೇನೆ, "ನುಂಗಿದ್ದು" ಅಂತ ಅದರ ಹೆಸರು. ಮೀಟಿಂಗ್‌ನಲ್ಲಿ ಹೇಳದೆ ಉಳಿದ ಮಾತುಗಳನ್ನು ಸಂಜೆ ಅಲ್ಲಿ ಬರೆಯುತ್ತೇನೆ. ಪೋಸ್ಟಿಗೆ ಸಾಮಾನು ಕಡಿಮೆ ಬಿದ್ದಾಗ ಅದನ್ನು ನೋಡುತ್ತೇನೆ. ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದರ ಲಾಭ, ಪುಟ ಖಾಲಿಯಾಗುವುದೇ ಇಲ್ಲ.

"ಎಷ್ಟು ಹೊತ್ತು ಇಡಬೇಕು?" ಅನ್ನುವ ಪ್ರಶ್ನೆಗೆ ಅವತ್ತು "ಜಾಬಿನ ಮೇಲೆ ಹೋಗುತ್ತದೆ, ಅಳೆದು ಹೇಳುತ್ತೇನೆ" ಅಂತ ಉತ್ತರಿಸಿದ್ದೆ. ಮಾತು ಕೊಟ್ಟ ಮೇಲೆ ಮಾಡಬೇಕಲ್ಲ. ಮೂರು ಕೆಜಿ ತೂಕದ ಒಂದು ಹೌಸಿಂಗನ್ನು ಶಾಪಿನಿಂದ ತಂದ ತಕ್ಷಣ ಅಳೆದೆ. ಅಲ್ಲೇ ಗ್ರಾನೈಟ್ ಮೇಲೆ ಬಿಟ್ಟು ಅರ್ಧ ಅರ್ಧ ಗಂಟೆಗೆ ಮತ್ತೆ ಅಳೆದೆ. ಮೊದಲು 55 ಮೈಕ್ರಾನ್ ಜಾಸ್ತಿ ಇತ್ತು. ಅರ್ಧ ಗಂಟೆಗೆ 25ಕ್ಕೆ ಇಳಿಯಿತು. ಒಂದು ಗಂಟೆಗೆ 11. ಎರಡು ಗಂಟೆಗೆ 2, ಅಲ್ಲಿಂದ ಮುಂದೆ ಅಲುಗಾಡಿದ್ದು ಗೊತ್ತಾಗಲಿಲ್ಲ. ಇದನ್ನು ಚೌಕುಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಗ್ರಾಫ್ ಬರೆದು ಫೋಟೋ ತೆಗೆದೆ. ಅದೇ ನನ್ನ ಮೊದಲ ಪೋಸ್ಟ್.

ಪೋಸ್ಟಿನ ಶುರುವಿನ ಎರಡು ಮೂರು ಸಾಲು ಮಾತ್ರ ಫೀಡಿನಲ್ಲಿ ಕಾಣುತ್ತವೆ, ಉಳಿದದ್ದಕ್ಕೆ ಒತ್ತಬೇಕು. ನಾನು ಮೊದಲು ಬರೆದ ಶುರು "ಇತ್ತೀಚೆಗೆ ಒಬ್ಬರು ನನ್ನನ್ನು ಒಂದು ಕುತೂಹಲದ ಪ್ರಶ್ನೆ ಕೇಳಿದರು" ಅಂತಿತ್ತು. ಅಕ್ಕನಿಗೆ ಕಳಿಸಿದೆ. "ಆ ಪ್ರಶ್ನೆ ಏನು ಅಂತ ಮೊದಲು ಹೇಳು ಮಾರಾಯ್ತಿ" ಅಂದಳು. ಬದಲಾಯಿಸಿದೆ: "ಮೂರು ಕೆಜಿ ಅಲ್ಯೂಮಿನಿಯಂ ಹೌಸಿಂಗ್ ತಣ್ಣಗಾಗಲು ಎಷ್ಟು ಹೊತ್ತು ಬೇಕು? ಎರಡು ಗಂಟೆ. ನಾವು ಇಷ್ಟು ದಿನ ಅರ್ಧ ಗಂಟೆ ಇಡುತ್ತಿದ್ದೆವು." ಮೂರನೇ ವಾಕ್ಯದಲ್ಲಿ ನಮ್ಮದೇ ತಪ್ಪಿದೆ ನೋಡಿ. ನಾಚಿಕೆ ಸ್ವಭಾವದವರಿಗೆ ಸಾಧನೆ ಬರೆಯುವುದಕ್ಕಿಂತ ತಪ್ಪು ಬರೆಯುವುದು ಸುಲಭ. ಓದುವವರಿಗೂ ತಪ್ಪೇ ಹೆಚ್ಚು ಉಪಯೋಗ. ಕೊನೆಯಲ್ಲಿ ಆ ಪ್ರಶ್ನೆ ಕೇಳಿದವರ ಹೆಸರು ಹಾಕಿ, ಅವರು ಕೇಳಿದ್ದರಿಂದ ಅಳೆದೆ ಅಂತ ಬರೆದೆ.

ಪೋಸ್ಟ್ ಹಾಕುವ ಗುಂಡಿ ಒತ್ತುವಾಗ ಬೆವರುವವರಿಗೆ ಗಡಿಯಾರದ ಗುರುತು ಇದೆ. ಪೋಸ್ಟ್ ಬರೆಯುವ ಕಿಟಕಿಯಲ್ಲೇ ಇರುತ್ತದೆ, ಅದನ್ನು ಒತ್ತಿ ದಿನ, ಹೊತ್ತು ಕೊಟ್ಟರೆ ಅದೇ ಹೋಗುತ್ತದೆ. ನಾನು ಭಾನುವಾರ ಬರೆದು ಮಂಗಳವಾರ ಸಂಜೆ ಆರೂಕಾಲಿಗೆ ಇಡುತ್ತೇನೆ. ಒತ್ತುವ ಧೈರ್ಯ ಭಾನುವಾರದ್ದು, ಉತ್ತರಿಸುವ ಧೈರ್ಯ ಮಂಗಳವಾರದ್ದು. ಎರಡೂ ಒಂದೇ ದಿನ ನನ್ನಿಂದ ಆಗುವುದಿಲ್ಲ. ಆರೂಕಾಲು ಯಾಕೆ ಅಂದರೆ, ಟೀ ಹೊತ್ತಿಗೆ ನಾನು ಅಲ್ಲಿ ಇರಬೇಕು. ಬೆಳಿಗ್ಗೆ ಹಾಕಿದರೆ ಜಾಸ್ತಿ ಜನ ನೋಡುತ್ತಾರೇನೋ. ಆದರೆ ಅವರ ಪ್ರಶ್ನೆಗೆ ದಿನವೆಲ್ಲ ಉತ್ತರವಿಲ್ಲದೆ ಕೂತಿರುವುದು ಚೆನ್ನಾಗಿರುವುದಿಲ್ಲ.

ಎರಡು ಕಡೆ ಕೈ ಸುಟ್ಟುಕೊಂಡೆ. ಮೊದಲನೆಯದು ಒಂದು ಫೋಟೋ. ಟೇಬಲ್ ಮೇಲಿನ ಜಾಬಿನ ಫೋಟೋ ಹಾಕಿದ್ದೆ, ಜಾಬ್ ಅರ್ಧ ಮಾತ್ರ ಕಾಣುತ್ತಿತ್ತು. ಆದರೆ ಹಿಂದೆ ಟ್ರೇ ಮೇಲಿನ ಚೀಟಿಯಲ್ಲಿ ಗಿರಾಕಿಯ ಪಾರ್ಟ್ ನಂಬರ್ ಓದಲು ಬರುತ್ತಿತ್ತು. ಮಾರನೆಯ ದಿನ ಮ್ಯಾನೇಜರ್ ಕರೆದರು. ಬೈಯಲಿಲ್ಲ, "ಇದನ್ನ ತೆಗೀರಿ ಮೇಡಂ, ಡ್ರಾಯಿಂಗ್ ಅವರದ್ದು" ಅಂದರು. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಮೂರು ವಾರ ಏನೂ ಬರೆಯಲಿಲ್ಲ. ಆಮೇಲೆ ಅವರ ಹತ್ತಿರವೇ ಹೋಗಿ ಏನು ಬರೆಯಬಹುದು, ಏನು ಬರೆಯಬಾರದು ಅಂತ ಕೇಳಿದೆ. ಗಿರಾಕಿಯ ಹೆಸರು, ಡ್ರಾಯಿಂಗಿನ ನಿಜವಾದ ಅಳತೆ, ರಿಜೆಕ್ಷನ್ ಲೆಕ್ಕ, ಜಾಬಿನ ಫೋಟೋ, ಇವು ಬೇಡ. ವಿಧಾನ, ಲೋಹದ ಗುಣ, ನಮ್ಮ ಅಳತೆ ತಪ್ಪುಗಳು ಇರಲಿ. ಹೌಸಿಂಗ್ 200 ಮಿಲಿಮೀಟರ್ ಅಂತ ಬರೆದಿದ್ದೇನಲ್ಲ, ಅದೂ ಲೆಕ್ಕಕ್ಕೆ ಸುಲಭವಾಗಲಿ ಅಂತ ನಮ್ಮದೇ ಟ್ರಯಲ್ ಜಾಬ್ ಮೇಲೆ ಮಾಡಿದ್ದು. ಈಗ ಫೋಟೋ ಬದಲು ಕೈಯಲ್ಲಿ ಬರೆದ ಚಿತ್ರ ಮಾತ್ರ.

ಎರಡನೆಯದು ತಿದ್ದುವ ಚಟ. ಅಳತೆ ಕೆಲಸದವರಿಗೆ ಇದು ಹುಟ್ಟುಗುಣ. ಒಬ್ಬರು ಉಕ್ಕಿನ ಹಿಗ್ಗುವಿಕೆ ಬರೆಯುವಾಗ ಅಲ್ಯೂಮಿನಿಯಂ ಸಂಖ್ಯೆ ಹಾಕಿದ್ದರು. ಉಕ್ಕಿನದ್ದು ಸುಮಾರು 11.5, ಅಂದರೆ ಅರ್ಧ. ನಾನು ಎಲ್ಲರೆದುರು "ಈ ಸಂಖ್ಯೆ ತಪ್ಪು" ಅಂತ ಒಂದೇ ಸಾಲು ಬರೆದೆ. ಸರಿಯೇ ಬರೆದಿದ್ದೆ. ಆದರೆ ಅವರು ಪೋಸ್ಟನ್ನೇ ತೆಗೆದುಬಿಟ್ಟರು, ಮತ್ತೆ ನನ್ನ ಜೊತೆ ಮಾತಾಡಲಿಲ್ಲ. ಎದುರಿಗೆ ಸಿಕ್ಕಿದ್ದರೆ ನಾನು ಹಾಗೆ ಅನ್ನುತ್ತಲೇ ಇರಲಿಲ್ಲ. ಕೀಬೋರ್ಡಿನ ಹಿಂದೆ ನಾಚಿಕೆಯವರೂ ಒರಟಾಗುತ್ತಾರೆ ಅಂತ ಅವತ್ತು ಗೊತ್ತಾಯಿತು. ಈಗ ಸಂಖ್ಯೆಯ ತಪ್ಪಾದರೆ ಅವರಿಗೆ ಒಬ್ಬರಿಗೇ ಮೆಸೇಜ್. ಅಭಿಪ್ರಾಯ ಬೇರೆಯಾದರೆ ಮಾತ್ರ ಕಾಮೆಂಟು, ಅದೂ ಪ್ರಶ್ನೆಯ ರೂಪದಲ್ಲಿ.

ಇನ್ನು ಲೆಕ್ಕ. ಇದರಲ್ಲಿ ನಾನು ಮೋಸಹೋದೆ, ಸಂಖ್ಯೆಗಳ ಜೊತೆ ಬದುಕುವವಳಾಗಿಯೂ. ಪ್ರತಿ ಭಾನುವಾರ ಪ್ರೊಫೈಲ್ ನೋಡಿದವರ ಸಂಖ್ಯೆಯನ್ನು ಡೈರಿಯಲ್ಲಿ ಬರೆದಿಡುತ್ತಿದ್ದೆ. ಅದು ಕಳೆದ ತೊಂಬತ್ತು ದಿನದ ಒಟ್ಟು. ಹೊಸ ವಾರ ಸೇರಿದಾಗ ಸುಮಾರು ಹದಿಮೂರು ವಾರದ ಹಿಂದಿನ ವಾರ ಹಿಂದಿನಿಂದ ಉದುರಿಹೋಗುತ್ತದೆ. ಶುರುವಿನಲ್ಲಿ ಉದುರುವುದು ನನ್ನ ಹಳೆಯ ಖಾಲಿ ವಾರಗಳು, ವಾರಕ್ಕೆ ಒಬ್ಬರು. ಹಾಗಾಗಿ ಸಂಖ್ಯೆ ಏರುತ್ತಲೇ ಹೋಯಿತು. ಹದಿಮೂರನೇ ವಾರಕ್ಕೆ 86. ಖುಷಿಯೋ ಖುಷಿ. ಇಪ್ಪತ್ತನೇ ವಾರಕ್ಕೆ 114. ಆಮೇಲೆ 116, 117, 116. ನಿಂತೇಹೋಯಿತು! ಜನಕ್ಕೆ ನಾನು ಬೇಜಾರಾದೆ ಅಂದುಕೊಂಡೆ. ನಾಚಿಕೆಯವರ ಮನಸ್ಸಿಗೆ ಇಂಥ ತೀರ್ಮಾನಕ್ಕೆ ಬರಲು ಹೆಚ್ಚು ಸಾಕ್ಷಿ ಬೇಕಾಗುವುದಿಲ್ಲ.

ಆಮೇಲೆ ಡೈರಿ ಹರಡಿ ಕೂತೆ. ವಾರದ ಹೊಸಬರು ಎಷ್ಟು ಅಂತ ತಿಳಿಯಲು ಈ ವಾರದ ಒಟ್ಟಿನಿಂದ ಹೋದ ವಾರದ ಒಟ್ಟು ಕಳೆದು, ಉದುರಿಹೋದ ವಾರದವರನ್ನು ಮತ್ತೆ ಕೂಡಬೇಕು. 116ರಿಂದ 117ಕ್ಕೆ ಹೋದ ವಾರದಲ್ಲಿ ಉದುರಿದವರು ಎಂಟು. ಅಂದರೆ ಹೊಸದಾಗಿ ಬಂದವರು ಒಂಬತ್ತು. ಅದರ ಮುಂದಿನ ವಾರ ಒಂದು ಇಳಿದಿತ್ತು. ಉದುರಿದವರು ಹತ್ತು, ಆ ಹತ್ತು ಬಂದಿದ್ದು ತಣ್ಣಗಾಗುವ ಗ್ರಾಫಿನ ವಾರದಲ್ಲಿ. ಹಾಗಾದರೆ ಹೊಸಬರು ಅವಾಗಲೂ ಒಂಬತ್ತೇ. ನಿಂತಿರಲಿಲ್ಲ, ವಾರಕ್ಕೆ ಒಂದರಿಂದ ಒಂಬತ್ತಕ್ಕೆ ಬಂದು ಅಲ್ಲಿ ನೆಲೆಯಾಗಿತ್ತು. ಇದಕ್ಕಿಂತ ಜಾಸ್ತಿ ಬೇಕಾದರೆ ನಾನು ವಾರಕ್ಕೆ ಎರಡು ಪೋಸ್ಟ್ ಬರೆಯಬೇಕು, ಇನ್ನೂ ಹತ್ತು ಜನರ ಹಿಂದೆ ಹೋಗಬೇಕು. ಬೇಡ ಅನ್ನಿಸಿತು. ಮತ್ತೆ ಇದೇ ಲೆಕ್ಕ ತಿರುಗಿಯೂ ಕೆಲಸ ಮಾಡುತ್ತದೆ. ಒಂದು ತಿಂಗಳು ಸುಮ್ಮನಿದ್ದರೆ ಸಂಖ್ಯೆ ಒಮ್ಮೆಗೇ ಬೀಳುವುದಿಲ್ಲ, ನಿಧಾನಕ್ಕೆ ಇಳಿಯುತ್ತದೆ. ಆ ಮಧ್ಯೆ ಎಲ್ಲ ಚೆನ್ನಾಗಿದೆ ಅಂತ ಮೋಸಹೋಗಬಾರದು.

ಸಂಖ್ಯೆಗಿಂತ ಯಾರು ಅನ್ನುವುದು ಮುಖ್ಯ. ಮೊದಲಿದ್ದ 14ರಲ್ಲಿ ನನ್ನ ಕೆಲಸಕ್ಕೆ ಸಂಬಂಧಪಟ್ಟವರು ಮೂವರಿದ್ದರೋ ಏನೋ. ಈಗ ದುಡ್ಡು ಕಟ್ಟದ ಖಾತೆಗೆ ಕಾಣುವ ಕೆಲವೇ ಹೆಸರುಗಳಲ್ಲಿ ವಾರಕ್ಕೆ ಎರಡಾದರೂ ಹೊಸೂರು, ಪುಣೆ ಕಡೆಯ ಕ್ವಾಲಿಟಿಯವರದ್ದು. ಇಬ್ಬರು ತಾವಾಗಿಯೇ ಮೆಸೇಜ್ ಮಾಡಿ ಕೆಲಸದ ವಿಷಯ ಕೇಳಿದ್ದಾರೆ. ಒಬ್ಬರ ಜೊತೆ ಫೋನಿನಲ್ಲಿ ಮಾತಾದಾಗ ಅವರು ಮೊದಲು ಕೇಳಿದ್ದೇ ಆ ಚೌಕುಳಿ ಹಾಳೆಯ ಗ್ರಾಫಿನ ಬಗ್ಗೆ. ಪರಿಚಯ ಹೇಳಿಕೊಳ್ಳುವ ಕಷ್ಟ ನನಗೆ ಬರಲೇ ಇಲ್ಲ. ಕೆಲಸ ಇನ್ನೂ ಬದಲಾಗಿಲ್ಲ, ಮಾತು ನಡೆಯುತ್ತಿದೆ.

ಹೋದ ವಾರ ಕ್ಯಾಂಟೀನಿನಲ್ಲಿ ಚಿತ್ರಾನ್ನದ ತಟ್ಟೆ ಹಿಡಿದು ಮೂಲೆಯ ಟೇಬಲ್‌ಗೆ ಹೋಗುತ್ತಿದ್ದೆ. ಎರಡನೇ ಶಿಫ್ಟಿನ ಒಬ್ಬ ಆಪರೇಟರ್, ಆರು ವರ್ಷದಿಂದ ಮುಖ ಮಾತ್ರ ನೋಡಿ ಗೊತ್ತಿದ್ದವರು, ಎದ್ದು ಬಂದರು. "ಮೇಡಂ, ಆ ಎರಡು ಗಂಟೆ ಲೆಕ್ಕ ನಿಮ್ಮದೇ ಅಂತೆ. ನನ್ನ ಭಾಮೈದ ಹೊಸೂರಲ್ಲಿ ಕೆಲಸ ಮಾಡ್ತಾನೆ, ಅವನು ತೋರಿಸ್ದ." ತಟ್ಟೆ ಹಿಡಿದೇ ನಿಂತಿದ್ದೆ. "ನಮ್ ಹನ್ನೆರಡು ಕೆಜಿ ಉಕ್ಕಿನ ಪ್ಲೇಟಿಗೆ ಎಷ್ಟು ಹೊತ್ತು ಇಡಬೇಕು ಹಾಗಾದ್ರೆ?" ಅಂತ ಕೇಳಿದರು.

"ಗೊತ್ತಿಲ್ಲ ಸಾರ್. ಒಂದು ಪ್ಲೇಟ್ ನನ್ನ ರೂಮಿಗೆ ಕಳ್ಸಿ, ಅಳೆದು ಹೇಳ್ತೀನಿ" ಅಂದೆ. ಪ್ಲೇಟು ನಾಳೆ ಬರುತ್ತದೆ.